ಗ್ರೇಡ್‌ಬುಕ್‌ನಲ್ಲಿ ಮಾರ್ಕ್ಸ್ ತಪ್ಪಿದೆ, ಟೋಟಲ್ಲೂ ತಾಳೆ ಆಗ್ತಿಲ್ಲ. ಮೇಡಂಗೆ ಹೇಗೆ ಬರೆಯೋದು?

ಕೊನೆಬೆಂಚು

ನಿನ್ನೆ ರಾತ್ರಿ ಆನ್‌ಲೈನ್ ಗ್ರೇಡ್‌ಬುಕ್ ತೆರೆದು ನೋಡಿದೆ. ಕೋರ್ಸ್ ಟೋಟಲ್ 72.71 ಅಂತ ತೋರಿಸ್ತಿದೆ. ನನ್ನ ಅಂದಾಜು 80ರ ಮೇಲಿತ್ತು. 80 ದಾಟಿದ್ರೆ ಮೇಲಿನ ಗ್ರೇಡು, ಅದಕ್ಕೇ ಈ ತಲೆಬಿಸಿ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ. ಇಲ್ಲಿ ಹಾಕೋಕೆ ಆಗಲ್ಲ, ಅದರಲ್ಲಿ ಇದ್ದದ್ದನ್ನ ಹಾಗೇ ಟೈಪ್ ಮಾಡ್ತೀನಿ.

ಹೋಂವರ್ಕ್‌ಗೆ 30, ಕ್ವಿಜ್‌ಗೆ 20, ಟೆಸ್ಟ್‌ಗೆ 50. ಇದು ಕೋರ್ಸಿನ ಮೊದಲ ದಿನ ಕೊಟ್ಟ ಹಾಳೆಯಲ್ಲೇ ಇದೆ.

ಹೋಂವರ್ಕ್ ನಾಲ್ಕು: 9/10, 14/20, 10/10, 27/30.
ಕ್ವಿಜ್ ನಾಲ್ಕು, ಎಲ್ಲಾ ಹತ್ತಕ್ಕೆ: 8, 7, ಮೂರನೇದಕ್ಕೆ ಬರೀ ಒಂದು ಗೆರೆ (-), 9.
ಟೆಸ್ಟ್ ಎರಡು, ಎರಡೂ ಐವತ್ತಕ್ಕೆ: 36, 34.

ಎರಡನೇ ಟೆಸ್ಟಿನಲ್ಲಿ ನನಗೆ ಬಂದಿರೋದು 43. ಪೇಪರ್ ಕೈಯಲ್ಲೇ ಇದೆ. ಮೂರನೇ ಕ್ವಿಜ್ ದಿನ ಹುಷಾರಿಲ್ಲದೆ ಮಲಗಿದ್ದೆ, ಆಮೇಲೆ ಹೋಗಿ ಹೇಳಿದಾಗ ಮೇಡಂ "ಪರವಾಗಿಲ್ಲ ಬಿಡು" ಅಂದಿದ್ರು.

ಇದು ಸಾಲದು ಅಂತ ಟೋಟಲ್ಲೇ ತಪ್ಪು. ಸ್ಕ್ರೀನಿನಲ್ಲಿರೋ ಅಂಕಗಳನ್ನೇ ಹಾಕಿ ಕೂಡಿದ್ರೂ ನನಗೆ 77.25 ಬರುತ್ತೆ, ಅವರದ್ದು 72.71. ಗೆರೆ ಇರೋ ಕ್ವಿಜ್ ಲೆಕ್ಕಕ್ಕೇ ಇಲ್ಲ ತಾನೇ? ಹೀಗೆ ಬರೆದಿಟ್ಟಿದ್ದೀನಿ, ಇನ್ನೂ ಕಳಿಸಿಲ್ಲ:

"ಮೇಡಂ, ಗ್ರೇಡ್‌ಬುಕ್‌ನಲ್ಲಿ ತುಂಬಾ ತಪ್ಪುಗಳಿವೆ. ನನ್ನ ಟೆಸ್ಟ್ ಮಾರ್ಕ್ಸ್ ತಪ್ಪಾಗಿ ಹಾಕಿದ್ದೀರಿ. ಟೋಟಲ್ ಕೂಡ ಸರಿಯಾಗಿ ಲೆಕ್ಕ ಆಗಿಲ್ಲ. ನನ್ನ ಲೆಕ್ಕದಲ್ಲಿ 81.75 ಬರಬೇಕು. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೀನಿ. ದಯವಿಟ್ಟು ಸರಿಪಡಿಸಿ."

ಇಷ್ಟು ಸಾಕಾ?

ಅಂಗಳದ_ಬೆಕ್ಕು

ಮರುಮೌಲ್ಯಮಾಪನ ಕೇಳೋದಾದ್ರೆ ಮೇಡಂಗೆ ಮೆಸೇಜ್ ಹಾಕಿ ಪ್ರಯೋಜನ ಇಲ್ಲ. ಯಾವ ಪ್ರಶ್ನೆಗೆ ಎಷ್ಟು ಕಮ್ಮಿ ಕೊಟ್ಟಿದ್ದಾರೆ, ಯಾಕೆ ಜಾಸ್ತಿ ಬರಬೇಕಿತ್ತು ಅಂತ ಉತ್ತರದ ಸಮೇತ ಬರೆದು ಕೊಡಬೇಕು. ನಾನು ಒಮ್ಮೆ ಹಾಗೆ ಮಾಡಿ ಇದ್ದದ್ದರಲ್ಲೂ ಎರಡು ಕಳ್ಕೊಂಡೆ. ಹುಷಾರು.

ಕೊನೆಬೆಂಚು

ಮೌಲ್ಯಮಾಪನದ ಬಗ್ಗೆ ನನಗೆ ತಕರಾರೇ ಇಲ್ಲ. ಮೇಡಂ ಕೊಟ್ಟಿರೋದೇ 43. ಕಂಪ್ಯೂಟರಿಗೆ ಹೋಗಿರೋದು 34. ನಾನು ಕೇಳ್ತಿರೋದು ಅದನ್ನಷ್ಟೇ.

ತಾಳೆಪಟ್ಟಿ

ಹಾಗಿದ್ರೆ ಈ ವಾಕ್ಯವನ್ನೇ ಮೆಸೇಜಿನ ಮೊದಲ ಸಾಲು ಮಾಡಿ. "ತುಂಬಾ ತಪ್ಪುಗಳಿವೆ" ಅನ್ನೋದನ್ನ ತೆಗೀರಿ.

ಆದ್ರೆ ಕಳಿಸೋ ಮೊದಲು ಒಂದು ಕೆಲಸ ಬಾಕಿ ಇದೆ. ನಿಮಗೆ ಬರಬೇಕಾದ ಟೋಟಲ್ ಎಷ್ಟು ಅನ್ನೋದನ್ನ ಈಗ ಬದಿಗಿಡಿ. ಸ್ಕ್ರೀನಿನಲ್ಲಿರೋ ಅಂಕಗಳಿಂದ ಸ್ಕ್ರೀನಿನಲ್ಲಿರೋ 72.71 ಹೇಗೆ ಬಂತು ಅನ್ನೋದನ್ನ ಮೊದಲು ಕಂಡುಹಿಡೀರಿ. ಅವರ ಸಂಖ್ಯೆ ನಿಮ್ಮ ಕೈಯಲ್ಲಿ ಹುಟ್ಟೋವರೆಗೂ ನಿಮ್ಮ 81.75ಕ್ಕೆ ಆಧಾರ ಇಲ್ಲ. ಅಂಕ ತಪ್ಪಿದ್ಯೋ, ಲೆಕ್ಕದ ವಿಧಾನ ಬೇರೆಯೋ ಅಂತ ಗೊತ್ತಾಗದೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದೀರಿ.

77.25 ಹೇಗೆ ತೆಗೆದ್ರಿ, ಬಿಡಿಸಿ ಹೇಳಿ.

ಕೊನೆಬೆಂಚು

ಹೋಂವರ್ಕ್: 90%, 70%, 100%, 90%. ಸರಾಸರಿ 87.5%. ಅದರ ಮೂವತ್ತು ಪಾಲು 26.25.
ಕ್ವಿಜ್: 8, 7, 9. ಮೂವತ್ತಕ್ಕೆ 24, ಅಂದ್ರೆ 80%. ಇಪ್ಪತ್ತರಲ್ಲಿ 16.
ಟೆಸ್ಟ್: ನೂರಕ್ಕೆ 70. ಐವತ್ತರಲ್ಲಿ 35.
ಒಟ್ಟು 77.25. ಇದರಲ್ಲಿ ತಪ್ಪೇನಿದೆ?

ತಾಳೆಪಟ್ಟಿ

ತಪ್ಪು ಅನ್ನೋದಕ್ಕಿಂತ ನೀವು ಎರಡು ಊಹೆ ಮಾಡಿದ್ದೀರಿ, ಗ್ರೇಡ್‌ಬುಕ್ ಆ ಎರಡನ್ನೂ ಮಾಡಿಲ್ಲ.

ಮೊದಲನೇದು ಹೋಂವರ್ಕ್. ನಾಲ್ಕರ ಶೇಕಡಾವಾರನ್ನ ತೆಗೆದು ಸರಾಸರಿ ಮಾಡಿದ್ರಿ. ಅಂದ್ರೆ ಹತ್ತು ಅಂಕದ ಹೋಂವರ್ಕಿಗೂ ಮೂವತ್ತು ಅಂಕದ ಹೋಂವರ್ಕಿಗೂ ಒಂದೇ ತೂಕ, ತಲಾ ಕಾಲು ಭಾಗ. ಗ್ರೇಡ್‌ಬುಕ್ ಬಹುಶಃ ಅಂಕಗಳನ್ನೇ ಕೂಡಿದೆ: 9, 14, 10, 27 ಸೇರಿ 60, ಎಪ್ಪತ್ತಕ್ಕೆ. ಆಗ 85.714% ಬರುತ್ತೆ, ಮೂವತ್ತರಲ್ಲಿ 25.714. ಈ ಲೆಕ್ಕದಲ್ಲಿ ಮೂವತ್ತು ಅಂಕದ ಹೋಂವರ್ಕ್ ಒಂದೇ ಹೆಚ್ಚುಕಮ್ಮಿ 43% ತೂಕ ಹಿಡಿಯುತ್ತೆ.

ಎರಡನೇದು ಆ ಗೆರೆ. ಗೆರೆ ಇದ್ರೆ ಲೆಕ್ಕಕ್ಕಿಲ್ಲ ಅಂದ್ಕೊಂಡ್ರಿ. ಅದನ್ನ ಸೊನ್ನೆ ಅಂತ ಹಿಡಿದು ನೋಡಿ: ನಲವತ್ತಕ್ಕೆ 24, 60%, ಇಪ್ಪತ್ತರಲ್ಲಿ 12.

25.714 + 12 + 35 = 72.714. ಸ್ಕ್ರೀನಿನಲ್ಲಿರೋದು 72.71. ಕೂತುಬಿಡ್ತು.

ಯಾವುದಾದ್ರೂ ಸ್ಪ್ರೆಡ್‌ಶೀಟಿನ ಒಂದು ಖಾನೆಯಲ್ಲಿ ಇದನ್ನ ಹಾಕಿ, ಆಮೇಲೆ ಒಂದೊಂದೇ ಸಂಖ್ಯೆ ಬದಲಾಯಿಸಿ ನೋಡಬಹುದು:

```
=30*(9+14+10+27)/70 + 20*(8+7+0+9)/40 + 50*(36+34)/100
```

ಗಮನಿಸಿ, ಗೆರೆಯನ್ನ ಬಿಟ್ಟು ಲೆಕ್ಕ ಹಾಕಿದ್ರೆ 76.71 ಬರ್ತಿತ್ತು. ಶೇಕಡಾವಾರು ಸರಾಸರಿ ಹಿಡಿದು ಗೆರೆಯನ್ನ ಸೊನ್ನೆ ಮಾಡಿದ್ರೆ 73.25. ಎರಡೂ ಸ್ಕ್ರೀನಿಗೆ ಹೊಂದಲ್ಲ. ಹಾಗಾಗಿ ನಿಮ್ಮ ಗ್ರೇಡ್‌ಬುಕ್ ಕೂಡೋದ್ರಲ್ಲಿ ತಪ್ಪಿಲ್ಲ. ಅದಕ್ಕೆ ಸಿಕ್ಕ ಅಂಕಗಳಲ್ಲಿ ತಪ್ಪಿರಬಹುದು. "ಟೋಟಲ್ ಕೂಡ ಸರಿಯಾಗಿ ಲೆಕ್ಕ ಆಗಿಲ್ಲ" ಅನ್ನೋ ಸಾಲು ಕಳಿಸಿದ್ದಿದ್ರೆ ಮೇಡಂ ಅದನ್ನೇ ಮೊದಲು ಪರೀಕ್ಷಿಸಿ, ಅದು ಸುಳ್ಳು ಅಂತ ಕಂಡು, 43ರ ಮಾತನ್ನೂ ಅದೇ ಕಣ್ಣಿಂದ ನೋಡ್ತಿದ್ರು.

ಕೊನೆಬೆಂಚು

ಅಯ್ಯೋ. ಎರಡು ದಶಮಾಂಶದವರೆಗೂ ಹೊಂದಿದೆ. ಕಳಿಸದೇ ಇದ್ದದ್ದು ಒಳ್ಳೇದಾಯ್ತು.

ರಾತ್ರಿಪಾಳಿ

ಇದರಲ್ಲಿ ಏನೋ ಎಡವಟ್ಟಿದೆ ಗುರು. ಗೆರೆ ಅಂದ್ರೆ ಖಾಲಿ, ಖಾಲಿ ಅಂದ್ರೆ ಲೆಕ್ಕಕ್ಕೆ ಸೇರಲ್ಲ. ನಮ್ಮ ಕೋರ್ಸಲ್ಲಿ ಹಾಗೇ ಇರೋದು. ಸೊನ್ನೆ ಹಾಕಿದ್ರೆ ಮಾತ್ರ ಪೆಟ್ಟು. ಮೇಡಂಗೆ "ಗೆರೆ ಹಾಗೇ ಇರಲಿ" ಅಂದ್ರೆ ಮುಗೀತು.

ತಾಳೆಪಟ್ಟಿ

ನಿಮ್ಮ ಕೋರ್ಸಿನ ಮಟ್ಟಿಗೆ ನಿಜ ಇರಬಹುದು. ಇದು ಸೆಟ್ಟಿಂಗಿನ ಮಾತು. ಮೂಡಲ್ ಅನ್ನೋ ಗ್ರೇಡ್‌ಬುಕ್ ಸಾಫ್ಟ್‌ವೇರಿನಲ್ಲಿ ಪ್ರತಿ ವಿಭಾಗಕ್ಕೂ `Exclude empty grades` ಅಂತ ಒಂದು ಗುರುತು ಇರುತ್ತೆ. ಅದು ಹಾಕಿದ್ರೆ ಖಾಲಿ ಖಾನೆ ಲೆಕ್ಕದಿಂದ ಹೊರಗೆ. ತೆಗೆದ್ರೆ ಅದೇ ಖಾಲಿ ಖಾನೆ ಸೊನ್ನೆ. ವಿದ್ಯಾರ್ಥಿಗೆ ಎರಡು ಸಲವೂ ಕಾಣೋದು ಗೆರೆಯೇ. ಕ್ಯಾನ್ವಾಸ್ ಅನ್ನೋ ಇನ್ನೊಂದರಲ್ಲಿ ವಿದ್ಯಾರ್ಥಿಯ ಪುಟದಲ್ಲೇ `Calculate based only on graded assignments` ಅನ್ನೋ ಗುರುತಿದೆ. ಅದನ್ನ ತೆಗೆದು ಹಾಕಿ ಮಾಡಿದ್ರೆ ಟೋಟಲ್ ಕಣ್ಣೆದುರೇ ಬದಲಾಗುತ್ತೆ. ಹಾಗಾಗಿ ಗೆರೆ ನೋಡಿ ಏನೂ ಹೇಳೋಕಾಗಲ್ಲ, ಟೋಟಲ್ ನೋಡಿಯೇ ತಿಳೀಬೇಕು. ಇಲ್ಲಿ ಟೋಟಲ್ ಹೇಳ್ತಿರೋದು ಸೊನ್ನೆ ಅಂತ.

ನಿಜವಾಗಿ ವಿನಾಯಿತಿ ಕೊಡೋದಾದ್ರೆ ಖಾಲಿ ಬಿಟ್ಟರೆ ಸಾಲದು, ಗುರುತು ಮಾಡಬೇಕು. ಕ್ಯಾನ್ವಾಸ್‌ನಲ್ಲಾದ್ರೆ ಟೀಚರ್ ಆ ಖಾನೆಯಲ್ಲಿ `EX` ಅಂತ ಟೈಪ್ ಮಾಡ್ತಾರೆ. ಮೂಡಲ್‌ನಲ್ಲಾದ್ರೆ ಆ ಒಬ್ಬರ ಆ ಒಂದು ಅಂಕದ ಮೇಲೆ `Excluded` ಅಂತ ಹಾಕ್ತಾರೆ. ಇಡೀ ತರಗತಿಯ ಸೆಟ್ಟಿಂಗ್ ಬದಲಿಸಿ ಅಂತ ಯಾವತ್ತೂ ಕೇಳಬೇಡಿ. ಬೇಕಂತಲೇ ಕ್ವಿಜ್ ತಪ್ಪಿಸಿದವರಿಗೂ ಅದು ಲಾಭ ಆಗುತ್ತೆ, ಟೀಚರ್ ಒಪ್ಪಲ್ಲ.

ಕೆಂಪುಶಾಯಿ

ಹದಿನಾರು ವರ್ಷದಿಂದ ಅಂಕ ಹಾಕೋ ಕಡೆ ಕೂತಿರೋಳು ನಾನು. ಎರಡು ಮಾತು ಹೇಳ್ತೀನಿ.

ಅರವತ್ತು ಪೇಪರ್ ಮಡಿಲಲ್ಲಿಟ್ಟುಕೊಂಡು ಟೈಪ್ ಮಾಡುವಾಗ ನಮ್ಮ ಕೈಯಲ್ಲಿ ಆಗೋ ತಪ್ಪುಗಳು ಕೆಲವೇ ಜಾತಿಯವು. ಅಂಕಿ ತಿರುಗಿ ಬೀಳುತ್ತೆ. ಸಾಲು ಜಾರಿ ಮೇಲಿನವರ ಅಂಕ ಕೆಳಗಿನವರಿಗೆ ಹೋಗುತ್ತೆ. ಹತ್ತಕ್ಕೆ ಇರೋದನ್ನ ಇಪ್ಪತ್ತರ ಕಾಲಮ್ಮಿಗೆ ಹಾಕ್ತೀವಿ. ಅದಕ್ಕೇ ಮೆಸೇಜಿನಲ್ಲಿ ಟೆಸ್ಟಿನ ಹೆಸರು, ಪೇಪರಿನಲ್ಲಿರೋ ಸಂಖ್ಯೆ, ಸ್ಕ್ರೀನಿನಲ್ಲಿರೋ ಸಂಖ್ಯೆ, ಈ ಮೂರು ಒಂದೇ ಸಾಲಿನಲ್ಲಿ ಸಿಕ್ಕರೆ ನನಗೆ ಅರ್ಧ ನಿಮಿಷದ ಕೆಲಸ. ರೋಲ್ ನಂಬರ್, ಸೆಕ್ಷನ್ ಇಲ್ಲದ ಮೆಸೇಜ್ ಬಂದ್ರೆ ಮೊದಲ ಐದು ನಿಮಿಷ ಇದು ಯಾರು ಅಂತ ಹುಡುಕೋದೇ ಆಗುತ್ತೆ.

ಎರಡನೇದು, "ಪರವಾಗಿಲ್ಲ ಬಿಡು" ಅನ್ನೋದು ವಿನಾಯಿತಿ ಅಂತ ನೀವು ತಿಳ್ಕೊಂಡಿದ್ದೀರಿ. ನಾನೂ ಮಕ್ಕಳಿಗೆ ಆ ಮಾತು ಎಷ್ಟೋ ಸಲ ಹೇಳಿದ್ದೀನಿ. ಕೆಲವು ಸಲ ಅದರ ಅರ್ಥ "ಈಗ ಅದರ ಬಗ್ಗೆ ಚಿಂತೆ ಬೇಡ, ಮನೆಗೆ ಹೋಗಿ ಮಲಕ್ಕೋ" ಅಂತಷ್ಟೇ. ಬರವಣಿಗೆಯಲ್ಲಿ ಏನಾದ್ರೂ ಇದೆಯಾ?

ಕೊನೆಬೆಂಚು

ಇಲ್ಲ ಮೇಡಂ. ಕಾರಿಡಾರಿನಲ್ಲಿ ನಡ್ಕೊಂಡು ಹೋಗ್ತಾ ಹೇಳಿದ್ದು. ಮೆಡಿಕಲ್ ಸರ್ಟಿಫಿಕೇಟ್ ಮಾತ್ರ ಇದೆ, ಆಗ ಯಾರೂ ಕೇಳಿರಲಿಲ್ಲ.

ಕೆಂಪುಶಾಯಿ

ಹಾಗಾದ್ರೆ ಟೆಸ್ಟಿನ ಅಂಕವನ್ನೂ ಕ್ವಿಜ್ಜನ್ನೂ ಒಂದೇ ದನಿಯಲ್ಲಿ ಬರೀಬೇಡಿ. 43 ಅನ್ನೋದು ನಿಮ್ಮ ಮೇಡಂ ಕೈಬರಹದಲ್ಲೇ ಇರೋ ಸಂಗತಿ, ಅದನ್ನ ತಿಳಿಸಿದ್ರೆ ಸಾಕು. ಕ್ವಿಜ್ ಅವರು ತೀರ್ಮಾನ ಮಾಡಬೇಕಾದ ವಿಷಯ, ಅದನ್ನ ಕೇಳಬೇಕು.

ಜಮಾಖರ್ಚು

ಲೆಕ್ಕಪತ್ರದ ಕೆಲಸ ನಂದು, ಹಾಗಾಗಿ 43 ಮತ್ತು 34 ನೋಡಿದ ಕೂಡ್ಲೇ ಕಣ್ಣು ಅಲ್ಲೇ ನಿಲ್ತು. ವ್ಯತ್ಯಾಸ 9. ಎರಡು ಅಂಕಿ ಅದಲುಬದಲಾದ್ರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗ ಆಗುತ್ತೆ. 52ರ ಬದಲು 25 ಬರೆದ್ರೆ 27, 81ರ ಬದಲು 18 ಬರೆದ್ರೆ 63. ತಾಳೆ ಆಗದ ಪುಸ್ತಕ ಕೈಗೆ ಬಂದ್ರೆ ನಾವು ಮೊದಲು ಮಾಡೋದೇ ವ್ಯತ್ಯಾಸವನ್ನ ಒಂಬತ್ತರಿಂದ ಭಾಗಿಸಿ ನೋಡೋದು.

ಆದ್ರೆ ಇದನ್ನೇ ಪುರಾವೆ ಅಂತ ಹಿಡೀಬೇಡಿ. ಪೇಪರಿನ ಒಳಗೆ ಪ್ರಶ್ನೆವಾರು ಅಂಕ ಎಷ್ಟೆಷ್ಟಿದೆ?

ಕೊನೆಬೆಂಚು

ನಾಲ್ಕು ಪ್ರಶ್ನೆ. 12, 9, 13, 9.

ಜಮಾಖರ್ಚು

ನೋಡಿದ್ರಾ! ಒಟ್ಟು 43 ಸರಿ. ಆದ್ರೆ ಒಂದು 9 ಕೂಡೋದು ಮರೆತ್ರೂ 34 ಬರುತ್ತೆ. ಅಂದ್ರೆ ಟೈಪ್ ಮಾಡುವಾಗ ಅಂಕಿ ತಿರುಗಿದ್ದೂ ಆಗಿರಬಹುದು, ಯಾವುದೋ ಪಟ್ಟಿಗೆ ಕೂಡಿ ಬರೆಯುವಾಗ ಒಂದು ಪ್ರಶ್ನೆ ಬಿಟ್ಟುಹೋಗಿದ್ದೂ ಆಗಿರಬಹುದು. ಮುಖಪುಟದಲ್ಲಿ ಏನಿದೆ?

ಕೊನೆಬೆಂಚು

ಮುಖಪುಟದಲ್ಲಿ ಸುತ್ತು ಹಾಕಿ 43 ಅಂತಲೇ ಇದೆ, ಕೆಳಗೆ ಸಹಿ.

ಜಮಾಖರ್ಚು

ಹಾಗಾದ್ರೆ ತಪ್ಪು ಪೇಪರಿನಲ್ಲಿಲ್ಲ, ಪೇಪರಿಂದ ಕಂಪ್ಯೂಟರಿಗೆ ಹೋಗೋ ದಾರಿಯಲ್ಲಿದೆ. ಯಾಕಾಯ್ತು ಅಂತ ನೀವು ಮೆಸೇಜಿನಲ್ಲಿ ಊಹೆ ಮಾಡೋದೇ ಬೇಡ. "ಅಂಕಿ ಅದಲುಬದಲಾಗಿರಬೇಕು" ಅಂತ ಬರೆದು, ಅದು ಸಾಲು ಜಾರಿದ್ದು ಅಂತ ಆಮೇಲೆ ಗೊತ್ತಾದ್ರೆ ಸುಮ್ನೆ ಮುಜುಗರ. ಮುಖಪುಟದ ಫೋಟೋ, ಜೊತೆಗೆ ಒಳಗಿನ ನಾಲ್ಕು ಅಂಕ. ಅಷ್ಟೇ.

ಇನ್ನೊಂದು. ತಪ್ಪು ಕಂಡ ಸಾಲನ್ನ ಮಾತ್ರ ನೋಡಿದ್ರಾ, ಎಲ್ಲಾ ಸಾಲನ್ನೂ ಪೇಪರ್ ಇಟ್ಕೊಂಡು ನೋಡಿದ್ರಾ?

ಕೊನೆಬೆಂಚು

ಈಗ ನೋಡಿದೆ. ಹೇಳಬೇಕೋ ಬೇಡವೋ ಅಂತ ಹತ್ತು ನಿಮಿಷ ಕೂತಿದ್ದೆ.

ಮೂರನೇ ಹೋಂವರ್ಕ್. ಸ್ಕ್ರೀನಿನಲ್ಲಿ 10/10. ಪೇಪರಿನಲ್ಲಿ 8/10.

ರಾತ್ರಿಪಾಳಿ

ಅದನ್ನ ಯಾರೂ ಕೇಳಿಲ್ಲ, ನೀನೂ ಹೇಳಿಲ್ಲ, ನಾವೂ ಓದಿಲ್ಲ.

ಅಂಗಳದ_ಬೆಕ್ಕು

😂

ರಾತ್ರಿಪಾಳಿ

ತಮಾಷೆ ಅಲ್ಲ, ಲೆಕ್ಕ ಹಾಕಿಯೇ ಹೇಳ್ತಿದ್ದೀನಿ. ಅದನ್ನ ಹೇಳದಿದ್ರೆ 81.21, ಹೇಳಿದ್ರೆ 80.36. ಎರಡೂ 80ರ ಮೇಲೆ. ಗ್ರೇಡ್ ಬದಲಾಗಲ್ಲ. ಟೀಚರಿಗೆ ಇನ್ನೊಂದು ತಿದ್ದೋ ಕೆಲಸ ಯಾಕೆ?

ತಾಳೆಪಟ್ಟಿ

ಲೆಕ್ಕ ಸರಿ ಇದೆ, ಆದ್ರೆ ಕ್ವಿಜ್ ವಿನಾಯಿತಿ ಸಿಕ್ಕೇ ಸಿಗುತ್ತೆ ಅಂತ ಹಿಡಿದಿದ್ದೀರಿ. ಸಿಗದಿದ್ರೆ 77.21 ಅಥವಾ 76.36. ಆಗಲೂ ಗ್ರೇಡ್ ಬದಲಾಗಲ್ಲ ಅನ್ನಬಹುದು. ಆದ್ರೆ ಇಲ್ಲಿ ಪ್ರಶ್ನೆ ಗ್ರೇಡಿನದ್ದಲ್ಲ. "ಎಲ್ಲಾ ಸಾಲುಗಳನ್ನೂ ಪೇಪರ್ ಜೊತೆ ಹೋಲಿಸಿದ್ದೀನಿ" ಅಂತ ಮೆಸೇಜಿನಲ್ಲಿ ಬರೆಯೋದಾದ್ರೆ ಈ ಸಾಲನ್ನ ಬಿಡೋಕಾಗಲ್ಲ. ಬಿಟ್ಟರೆ ಆ ವಾಕ್ಯ ಬರೆಯೋಕಾಗಲ್ಲ.

ಟೊಪ್ಪಿಗೆ

ನಾನಾಗಿದ್ರೆ ಹೇಳ್ತಿರಲಿಲ್ಲ, ಪ್ರಾಮಾಣಿಕವಾಗಿ ಹೇಳ್ತಿದ್ದೀನಿ. ಹೇಳದೆ ಇರೋದನ್ನ ಪ್ರಾಮಾಣಿಕವಾಗಿ ಹೇಳ್ತಿದ್ದೀನಿ ಅನ್ನೋದು ವಿಚಿತ್ರ, ಇರಲಿ.

ಸ್ಕ್ರೀನ್‌ಶಾಟ್ ಬಗ್ಗೆ ನನ್ನದೊಂದು ಕಥೆ. ಕ್ಯಾನ್ವಾಸ್‌ನಲ್ಲಿ ವಿದ್ಯಾರ್ಥಿಗಳು ಅಂಕದ ಮೇಲೆ ಕ್ಲಿಕ್ ಮಾಡಿ "ಇಷ್ಟು ಬಂದ್ರೆ ಟೋಟಲ್ ಎಷ್ಟಾಗುತ್ತೆ" ಅಂತ ನೋಡೋಕೆ `What-If` ಅಂತ ಒಂದಿದೆ. ನಾನು ಹಿಂದಿನ ದಿನ ಅದರಲ್ಲಿ ಆಟ ಆಡಿ, ಹಾಗೇ ಬಿಟ್ಟು, ಅದೇ ಪುಟದ ಸ್ಕ್ರೀನ್‌ಶಾಟ್ ತೆಗೆದು "ಸರ್, ನಿನ್ನೆ ಹೆಚ್ಚಿತ್ತು ಇವತ್ತು ಕಮ್ಮಿಯಾಗಿದೆ" ಅಂತ ಕಳಿಸಿದೆ. ಸರ್ ಅರ್ಧ ಗಂಟೆ ಹುಡುಕಿ, ಕೊನೆಗೆ ಒಂದೇ ಸಾಲು ಉತ್ತರ ಬರೆದ್ರು: "ಆ ಅಂಕ ಕೊಟ್ಟಿದ್ದು ನೀನೇ." ಅವತ್ತಿಂದ ಪುಟವನ್ನ ಹೊಸದಾಗಿ ತೆರೆದು, ಲಾಗೌಟ್ ಮಾಡಿ ಲಾಗಿನ್ ಆಗಿ, ಆಮೇಲೇ ಸ್ಕ್ರೀನ್‌ಶಾಟ್.

ಕೆಂಪುಶಾಯಿ

ನಿಮ್ಮ ಸರ್ ಒಳ್ಳೆಯವರು.

ಕೊನೆಬೆಂಚು, ನಿಮ್ಮ ಸ್ಕ್ರೀನ್‌ಶಾಟಿನಲ್ಲಿ ಬೇರೆಯವರ ಹೆಸರೋ ಅಂಕವೋ ಕಾಣ್ತಿದೆಯಾ? ಕೆಲವರು ತರಗತಿಯ ಪಟ್ಟಿಯನ್ನೇ ಯಾರೋ ಗುಂಪಿಗೆ ಹಾಕಿದ್ದನ್ನ ತಂದು "ನನ್ನ ಅಂಕ ಪಕ್ಕದವನಿಗೆ ಹೋಗಿದೆ" ಅಂತ ಕಳಿಸ್ತಾರೆ. ಅವರ ಮಾತು ನಿಜವೇ ಆಗಿದ್ರೂ ನಾನು ಮೊದಲು ಕೇಳೋದು ಈ ಪಟ್ಟಿ ಎಲ್ಲಿಂದ ಬಂತು ಅಂತ. ಮಾತು ಬೇರೆ ದಾರಿ ಹಿಡಿಯುತ್ತೆ.

ಕೊನೆಬೆಂಚು

ನನ್ನ ಲಾಗಿನ್‌ನದ್ದೇ, ನನ್ನ ಸಾಲುಗಳು ಮಾತ್ರ. ಆದ್ರೆ ಫೋನಿನಲ್ಲಿ ತೆಗೆದದ್ದು, "ಎಷ್ಟಕ್ಕೆ" ಅನ್ನೋ ಕಾಲಮ್ ಬಲಗಡೆ ಕತ್ತರಿಸಿಹೋಗಿದೆ. ಮೇಲೆ ನೋಟಿಫಿಕೇಶನ್ ಸಾಲೂ ಬಂದಿದೆ.

ತಾಳೆಪಟ್ಟಿ

ಲ್ಯಾಪ್‌ಟಾಪಿನಲ್ಲಿ ಮತ್ತೆ ತೆಗೀರಿ. ಎಷ್ಟಕ್ಕೆ ಅನ್ನೋದು ಕಾಣದಿದ್ರೆ 14 ಅನ್ನೋದು ಇಪ್ಪತ್ತಕ್ಕೋ ಮೂವತ್ತಕ್ಕೋ ಗೊತ್ತಾಗಲ್ಲ, ಟೋಟಲನ್ನ ತಾಳೆ ನೋಡೋಕೂ ಆಗಲ್ಲ. ಕೆಲವು ಕಡೆ ಆ ಕಾಲಮ್ಮಿನಲ್ಲೇ ತಪ್ಪಿರುತ್ತೆ. ಇಪ್ಪತ್ತಕ್ಕೆ ಇಟ್ಟ ಹೋಂವರ್ಕನ್ನ ಸಾಫ್ಟ್‌ವೇರಿನಲ್ಲಿ ನೂರಕ್ಕೆ ಅಂತ ಬಿಟ್ಟಿರ್ತಾರೆ, 14 ಬಂದವನಿಗೆ 14% ತೋರಿಸುತ್ತೆ. ನಿಮ್ಮದರಲ್ಲಿ 72.71 ಹೊಂದಿರೋದ್ರಿಂದ ಅದು ಇಲ್ಲ. ತೆಗೆದ ದಿನ ಮತ್ತು ಸಮಯ ಬರೀರಿ, ಯಾಕಂದ್ರೆ ಅವರು ನೋಡೋ ಹೊತ್ತಿಗೆ ಸ್ಕ್ರೀನ್ ಬದಲಾಗಿರಬಹುದು.

ಲೆಕ್ಕವನ್ನ ಒಂದೇ ಸಲ "72.71ರ ಬದಲು 80.36" ಅಂತ ಎಸೀಬೇಡಿ. ಒಂದು ತಿದ್ದುಪಡಿ ಮಾಡಿ ಟೋಟಲ್ ಬರೀರಿ, ಅದರ ಮೇಲೆ ಇನ್ನೊಂದು. ಮೇಡಂ ಒಂದನ್ನ ಒಪ್ಪಿ ಇನ್ನೊಂದನ್ನ ಒಪ್ಪದಿದ್ರೂ ಎಲ್ಲಿ ನಿಂತ್ವಿ ಅಂತ ಇಬ್ಬರಿಗೂ ಗೊತ್ತಾಗುತ್ತೆ. ಮಧ್ಯದಲ್ಲಿ ಎಲ್ಲೂ ಸುತ್ತುಸಂಖ್ಯೆ ಮಾಡಬೇಡಿ. 85.714ನ್ನ 86 ಅಂತ ಮಾಡಿದ್ರೆ ಹೋಂವರ್ಕ್ 25.8 ಆಗಿ ಎರಡೂ ದಶಮಾಂಶ ಕೈಬಿಟ್ಟು ಹೋಗುತ್ತೆ. ತಾಳೆ ನೋಡೋಕೆ ನಮ್ಮ ಹತ್ತಿರ ಇರೋದೇ ಆ ಎರಡು ದಶಮಾಂಶ.

ಅಂಗಳದ_ಬೆಕ್ಕು

ಹೋಂವರ್ಕಿಗೆ ಶೇಕಡಾವಾರು ಸರಾಸರಿ ಹಿಡೀಬೇಕು ಅಂತಲೂ ಕೇಳಬಹುದಲ್ವಾ? ಕೋರ್ಸಿನ ಹಾಳೆಯಲ್ಲಿ ಏನಿದೆ?

ಕೊನೆಬೆಂಚು

"ಹೋಂವರ್ಕ್ 30%" ಅಂತಷ್ಟೇ ಇದೆ. ಹೇಗೆ ಅಂತ ಇಲ್ಲ.

ತಾಳೆಪಟ್ಟಿ

ಹಾಗಾದ್ರೆ ಎರಡೂ ನ್ಯಾಯವೇ, ಆಯ್ಕೆ ಅವರದ್ದು. ತಿದ್ದಿದ ಮೇಲೆ ನಿಮ್ಮ ಹೋಂವರ್ಕ್ ಎಪ್ಪತ್ತಕ್ಕೆ 58, ಅಂದ್ರೆ 82.857%. ಶೇಕಡಾವಾರು ಸರಾಸರಿ ಹಿಡಿದ್ರೆ 82.5%. ಈಗಿರೋ ವಿಧಾನವೇ ನಿಮಗೆ ಕೂದಲೆಳೆಯಷ್ಟು ಲಾಭ. ಅದನ್ನ ಕೆದಕೋಕೆ ಹೋಗಬೇಡಿ.

ರಾತ್ರಿಪಾಳಿ

ಓಹೋ, ಇದನ್ನ ಕೆದಕಬಾರದು, 10/10 ಮಾತ್ರ ಒಪ್ಪಿಸಬೇಕು. ಚೆನ್ನಾಗಿದೆ ನಿಮ್ಮ ನ್ಯಾಯ.

ತಾಳೆಪಟ್ಟಿ

ಅದು ಅಂಕ ತಪ್ಪು ದಾಖಲಾಗಿರೋದು, ಇದು ವಿಧಾನದ ಆಯ್ಕೆ. ಎರಡೂ ಒಂದೇ ಅಲ್ಲ ಅಂತ ನನ್ನ ಅಭಿಪ್ರಾಯ. ಒಪ್ಪಲೇಬೇಕು ಅಂತೇನಿಲ್ಲ.

ಕೊನೆಬೆಂಚು

ಮತ್ತೆ ಬರೆದಿದ್ದೀನಿ. ನೋಡಿ.

"ವಿಷಯ: ಗ್ರೇಡ್‌ಬುಕ್ ಅಂಕಗಳು, ಟೆಸ್ಟ್ 2 ಮತ್ತು ಹೋಂವರ್ಕ್ 3. (ಹೆಸರು, ಸೆಕ್ಷನ್, ರೋಲ್ ನಂಬರ್)

ನಮಸ್ಕಾರ ಮೇಡಂ,

ಟೆಸ್ಟ್ 2ರ ಪೇಪರಿನಲ್ಲಿ ನನ್ನ ಅಂಕ 43/50, ಗ್ರೇಡ್‌ಬುಕ್‌ನಲ್ಲಿ 34/50 ಎಂದಿದೆ. ಒಳಗೆ ಪ್ರಶ್ನೆವಾರು ಅಂಕ 12, 9, 13, 9. ಮುಖಪುಟದ ಫೋಟೋ ಲಗತ್ತಿಸಿದ್ದೇನೆ.

ಉಳಿದ ಎಲ್ಲಾ ಅಂಕಗಳನ್ನೂ ಪೇಪರ್‌ಗಳ ಜೊತೆ ಹೋಲಿಸಿ ನೋಡಿದೆ. ಹೋಂವರ್ಕ್ 3 ಪೇಪರಿನಲ್ಲಿ 8/10, ಗ್ರೇಡ್‌ಬುಕ್‌ನಲ್ಲಿ 10/10 ಎಂದಿದೆ. ಬೇರೆಲ್ಲವೂ ಸರಿ ಇವೆ.

ಈ ಎರಡನ್ನು ತಿದ್ದಿದರೆ ಟೋಟಲ್ ಹೀಗಾಗುತ್ತದೆ:
ಈಗ ಇರುವುದು 72.71.
ಟೆಸ್ಟ್ 2 ತಿದ್ದಿದ ಮೇಲೆ 77.21.
ಹೋಂವರ್ಕ್ 3 ಕೂಡ ತಿದ್ದಿದ ಮೇಲೆ 76.36.

ಇನ್ನೊಂದು ವಿಷಯ ಕೇಳಬೇಕಿತ್ತು. ಕ್ವಿಜ್ 3ರ ದಿನ ನನಗೆ ಹುಷಾರಿರಲಿಲ್ಲ, ಆ ವಾರವೇ ನಿಮಗೆ ಬಂದು ಹೇಳಿದ್ದೆ. ಗ್ರೇಡ್‌ಬುಕ್‌ನಲ್ಲಿ ಅದು ಖಾಲಿ ಕಾಣುತ್ತಿದೆ, ಆದರೆ ಟೋಟಲ್‌ನಲ್ಲಿ ಸೊನ್ನೆ ಎಂದು ಸೇರಿರುವಂತಿದೆ. ಅದಕ್ಕೆ ವಿನಾಯಿತಿ ಇದೆಯೇ ಅಥವಾ ಬೇರೆ ದಿನ ಬರೆಯಬೇಕೇ ಎಂದು ತಿಳಿಸಿ. ಮೆಡಿಕಲ್ ಸರ್ಟಿಫಿಕೇಟ್ ನನ್ನ ಬಳಿ ಇದೆ. ವಿನಾಯಿತಿ ಇದ್ದರೆ ಟೋಟಲ್ 80.36 ಆಗುತ್ತದೆ.

ಸ್ಕ್ರೀನ್‌ಶಾಟ್ ನಿನ್ನೆ ರಾತ್ರಿ 9 ಗಂಟೆಗೆ ತೆಗೆದದ್ದು. ಪೇಪರ್‌ಗಳನ್ನು ನಾಳೆ ತರಗತಿಗೆ ತರುತ್ತೇನೆ."

ಕೆಂಪುಶಾಯಿ

ಚೆನ್ನಾಗಿದೆ. "ಸೊನ್ನೆ ಎಂದು ಸೇರಿರುವಂತಿದೆ" ಅನ್ನೋ ಸಾಲು ನಿಮ್ಮ ಮೇಡಂಗೂ ಹೊಸ ವಿಷಯ ಆಗಿರಬಹುದು. ನಮ್ಮ ಕಡೆ ಸ್ಕ್ರೀನಿನಲ್ಲೂ ಗೆರೆಯೇ ಕಾಣೋದು. ನಾನೇ ಒಂದು ವರ್ಷ ಗೆರೆ ಅಂದ್ರೆ ಹೊರಗೆ ಅಂತ ನಂಬಿದ್ದೆ.

ಒಂದೇ ತಿದ್ದುಪಡಿ. ಸ್ಕ್ರೀನ್‌ಶಾಟ್ ಮತ್ತೆ ತೆಗೀತೀರಲ್ಲ, ಸಮಯ ಬದಲಾಯಿಸಿ. ನಿನ್ನೆ ರಾತ್ರಿ ಅಂತಲ್ಲದೆ ತಾರೀಕು ಹಾಕಿ. ನಾನು ಮೆಸೇಜ್ ಓದೋದು ಎರಡು ದಿನ ಬಿಟ್ಟಾದ್ರೆ ನಿನ್ನೆ ಯಾವ ನಿನ್ನೆ?

ಟೊಪ್ಪಿಗೆ

ಹೆಚ್‌ಒಡಿಗೂ ಒಂದು ಕಾಪಿ ಹಾಕಿ, ಬೇಗ ಕೆಲಸ ಆಗುತ್ತೆ.

ಕೆಂಪುಶಾಯಿ

ಬೇಡಪ್ಪಾ. ಮೊದಲ ಮೆಸೇಜಿಗೇ ಮೇಲಿನವರಿಗೆ ಕಾಪಿ ಹೋದ್ರೆ ನಾನು ಅಂಕ ತಿದ್ದೋ ಮೊದಲು ವಿವರಣೆ ಬರೆಯೋಕೆ ಕೂರಬೇಕು. ವಾರ ಕಳೆದ್ರೂ ಉತ್ತರ ಬರದಿದ್ರೆ ಆಗ ನೋಡಿಕೊಳ್ಳಲಿ.

ಟೊಪ್ಪಿಗೆ

ನನಗೆ ಕಾಪಿ ಹಾಕಿದ ಮೇಲೇ ಉತ್ತರ ಬಂದದ್ದು. ಅವರವರ ಅದೃಷ್ಟ.

ಕೊನೆಬೆಂಚು

ಕಳಿಸಿದೆ. ಕಾಪಿ ಹಾಕಲಿಲ್ಲ.

ಕೊನೆಬೆಂಚು

ನಾಲ್ಕನೇ ದಿನ, ಬಂದು ಹೇಳ್ತಿದ್ದೀನಿ.

ತರಗತಿ ಮುಗಿದ ಮೇಲೆ ಮೇಡಂ ಪೇಪರ್ ಇಸ್ಕೊಂಡು ನೋಡಿದ್ರು. ತಮ್ಮ ಅಂಕಪಟ್ಟಿಯ ಪುಸ್ತಕ ತೆಗೆದ್ರು, ಅದರಲ್ಲಿ 43 ಅಂತಲೇ ಇತ್ತು. ಹಾಗಾದ್ರೆ ಟೈಪ್ ಮಾಡುವಾಗಲೇ ತಿರುಗಿರೋದು. ಅಲ್ಲೇ ಫೋನಿನಲ್ಲಿ ಬದಲಾಯಿಸಿದ್ರು. ಹೋಂವರ್ಕ್ 3 ಬಗ್ಗೆ ಏನೂ ಅನ್ನಲಿಲ್ಲ. ಪುಸ್ತಕದಲ್ಲೂ 10 ಅಂತಲೇ ಇತ್ತು ಅನ್ಸುತ್ತೆ, ಪೆನ್ನಿಂದ ಹೊಡೆದು 8 ಮಾಡಿದ್ದು ಕಂಡಿತು.

ಮನೆಗೆ ಬಂದು ನೋಡಿದ್ರೆ ಟೋಟಲ್ 76.36. ನಾನು ಬರೆದಿದ್ದ ಸಂಖ್ಯೆಯೇ. ಖುಷಿಯಾಗಿದ್ದು ಅಂಕಕ್ಕಲ್ಲ, ಆ 36ಕ್ಕೆ.

ರಾತ್ರಿಪಾಳಿ

0.86 ಕೈಯಾರೆ ದಾನ ಮಾಡಿದ್ದಕ್ಕೆ ಅಭಿನಂದನೆ. ಕ್ವಿಜ್?

ಕೊನೆಬೆಂಚು

"ಸರ್ಟಿಫಿಕೇಟ್ ಕೊಡು, ನೋಡಿ ಹೇಳ್ತೀನಿ" ಅಂದ್ರು. ಕೊಟ್ಟಿದ್ದೀನಿ. ಇನ್ನೂ ಗೆರೆಯೇ ಇದೆ.

ಕೆಂಪುಶಾಯಿ

ಇನ್ನೂ ಎಷ್ಟು ಜನರ ಗೆರೆ ಸೊನ್ನೆಯಾಗಿ ಸೇರಿದೆ ಅಂತ ಅವರೀಗ ನೋಡ್ತಿರಬೇಕು. ನಿಮ್ಮೊಬ್ಬರದ್ದೇ ಆಗಿದ್ರೆ ಅವತ್ತೇ ಮುಗೀತಿತ್ತು.

ಅಂಗಳದ_ಬೆಕ್ಕು

ಇದನ್ನೆಲ್ಲಾ ಓದಿ ನನ್ನ ಗ್ರೇಡ್‌ಬುಕ್ ತೆರೆದೆ. ಐದು ಗೆರೆ ಇವೆ. ಯಾವ ಲೆಕ್ಕ ಹಾಕಿದ್ರೂ ಅವರ ಟೋಟಲ್ ಬರ್ತಿಲ್ಲ. ತಾಳೆಪಟ್ಟಿ, ಇದೀರಾ?

ತಾಳೆಪಟ್ಟಿ

ಇದೀನಿ. ಎಷ್ಟಕ್ಕೆ ಎಷ್ಟು, ಸಾಲಾಗಿ ಟೈಪ್ ಮಾಡಿ. ಬೋನಸ್ ಅಂಕದ ಕಾಲಮ್ ಏನಾದ್ರೂ ಇದ್ರೆ ಅದನ್ನೂ ಹಾಕಿ.